STOP ಕಳಿಸಿದ ಮೇಲೆ ನಿಜಕ್ಕೂ ನಿಂತಿದೆಯಾ? ಒಂದೇ ಪದದ ಕಮಾಂಡ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಒಂದು ಚಾಟ್‌ಗೆ `STOP` ಅಂತ ಟೈಪ್ ಮಾಡಿ ಕಳಿಸುತ್ತೀರಿ. ಎರಡು ಟಿಕ್ ಬೀಳುತ್ತದೆ. ಸದ್ಯ, ಪೀಡೆ ತೊಲಗಿತು ಅಂದುಕೊಳ್ಳುತ್ತೀರಿ. ಮಾರನೇ ದಿನ ಅದೇ ನಂಬರಿನಿಂದ ಮತ್ತೊಂದು ಆಫರ್ ಮೆಸೇಜ್ ಬಂದು ಕೂತಿರುತ್ತದೆ.

ಎರಡು ಟಿಕ್ ಅಂದರೆ ಮೆಸೇಜ್ ಆ ಕಡೆ ತಲುಪಿತು ಅಂತ ಅರ್ಥ, ಅಷ್ಟೇ. ಅದನ್ನು ಅಲ್ಲಿ ಯಾರಾದರೂ ಕಮಾಂಡ್ ಅಂತ ತೆಗೆದುಕೊಂಡರಾ ಅನ್ನೋದು ಬೇರೆ ಮಾತು. `STOP`, `CANCEL`, `MENU` ಯಾವುದೇ ಇರಲಿ, ಚಾಟ್‌ನ ಲೆಕ್ಕದಲ್ಲಿ ಅದು ಬರೀ ಅಕ್ಷರ. ಈ ಪದ ಬಂದರೆ ಹೀಗೆ ಮಾಡಬೇಕು ಅಂತ ಯಾರಾದರೂ ಮೊದಲೇ ಏರ್ಪಾಡು ಮಾಡಿಟ್ಟಿದ್ದರೆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಇನ್ನೂ ಒಂದು ಸಾಧ್ಯತೆ ಇದೆ, ಅದೇ ಜಾಸ್ತಿ ಕಾಟ ಕೊಡೋದು: ಏರ್ಪಾಡು ಇರುತ್ತದೆ, ಆದರೆ ನೀವು ಅಂದುಕೊಂಡ ಕೆಲಸಕ್ಕಲ್ಲ, ಬೇರೆ ಕೆಲಸಕ್ಕೆ.

ಹಾಗಾಗಿ ಪದ ಕಳಿಸುವ ಮೊದಲು ಏನು ನೋಡಬೇಕು, ಹೇಗೆ ಕಳಿಸಬೇಕು, ಬಂದ ಉತ್ತರವನ್ನು ಹೇಗೆ ಓದಬೇಕು, ಯಾರೂ ಕೇಳಿಸಿಕೊಳ್ಳದಿದ್ದರೆ ಎಲ್ಲಿಗೆ ಹೋಗಬೇಕು ಅಂತ ಒಂದೊಂದಾಗಿ ನೋಡೋಣ.

ಹೆಜ್ಜೆ 1: ನಿಮಗೆ ನಿಲ್ಲಬೇಕಾಗಿರೋದು ಏನು?

ಮೇಲ್ನೋಟಕ್ಕೆ ಈ ಪದಗಳೆಲ್ಲ ಒಂದೇ ಥರ ಕಾಣುತ್ತವೆ. ಆದರೆ ಇವು ಮುಟ್ಟುವ ಜಾಗ ಬೇರೆ ಬೇರೆ.

`MENU` ಅಂದರೆ ಮಾತುಕತೆಯಲ್ಲಿ ನೀವಿರುವ ಜಾಗ ಬದಲಾಗಬೇಕು, ಮೊದಲ ಪಟ್ಟಿಗೆ ವಾಪಸ್ ಹೋಗಬೇಕು. ತಪ್ಪಾದರೂ ನಷ್ಟ ಇಲ್ಲ. `CANCEL` ಅಂದರೆ ಈಗ ನಡೆಯುತ್ತಿರುವ ಒಂದು ಕೆಲಸ ರದ್ದಾಗಬೇಕು, ಅರ್ಧ ತುಂಬಿದ ಫಾರಂ ಇರಬಹುದು, ಬುಕ್ ಮಾಡಿದ ಸಮಯ ಇರಬಹುದು. `STOP` ಅಂದರೆ ಆ ಕಡೆಯವರು ಇನ್ನು ಮುಂದೆ ನನಗೆ ಮೆಸೇಜ್ ಕಳಿಸಬಾರದು ಅಂತ, ಅಂದರೆ ಇಡೀ ಸಂಪರ್ಕವೇ ಕಟ್ ಆಗಬೇಕು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. `STOP` ನಿಲ್ಲಿಸೋದು ಮೆಸೇಜನ್ನು. ನಿಮ್ಮ ಆರ್ಡರನ್ನಲ್ಲ, ಚಂದಾವನ್ನಲ್ಲ, ಪ್ರತಿ ತಿಂಗಳು ಕಾರ್ಡ್‌ನಿಂದ ಕಟ್ ಆಗುವ ದುಡ್ಡನ್ನೂ ಅಲ್ಲ. ಮೆಸೇಜ್ ಬರೋದು ನಿಂತಿತು ಅಂದರೆ ಸೇವೆಯೂ ನಿಂತಿತು ಅಂದುಕೊಳ್ಳಬೇಡಿ. ಹಾಗೆ ಅಂದುಕೊಂಡು ಸುಮ್ಮನಿದ್ದರೆ, ದುಡ್ಡು ಕಟ್ ಆಗೋದು ಮುಂದುವರಿದು, ಕಟ್ ಆಯಿತು ಅಂತ ತಿಳಿಸುವ ಮೆಸೇಜ್ ಮಾತ್ರ ನಿಂತಿರುತ್ತದೆ. ಮೆಸೇಜಿನ ಮೂಲಕವೇ ಚಂದಾ ಶುರುವಾಗಿ, ಮೆಸೇಜಿಗೇ ದುಡ್ಡು ಹಿಡಿಯುವ ಸೇವೆಗಳಲ್ಲಿ ಮಾತ್ರ ಲೆಕ್ಕ ಬೇರೆ, ಅಲ್ಲಿ `STOP` ಚಂದಾವನ್ನೇ ಮುಗಿಸುತ್ತದೆ. ಉಳಿದ ಕಡೆ ರದ್ದು ಮಾಡೋದಿದ್ದರೆ ಖಾತೆಯೊಳಗೆ ಹೋಗಿಯೇ ಮಾಡಬೇಕು.

ಹೆಜ್ಜೆ 2: ಆ ಕಡೆ ಯಾರಿದ್ದಾರೆ ಅಂತ ನೋಡಿ

ನಿಮ್ಮ ಪದವನ್ನು ಹಿಡಿಯಬಲ್ಲವರು ಮೂರು ಜನ. ಒಂದು, ಮಧ್ಯದಲ್ಲಿ ಮೆಸೇಜ್ ಸಾಗಿಸುವ ಕಂಪನಿ. ಎರಡು, ಚಾಟ್ ಓದುವ ಪ್ರೋಗ್ರಾಂ, ಅಂದರೆ ಬಾಟ್. ಮೂರು, ಮನುಷ್ಯ. ಇವರಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿದೆ.

ಎಸ್‌ಎಂಎಸ್‌ನಲ್ಲಿ ಮೊದಲು ಕಳಿಸಿದವರ ಜಾಗದಲ್ಲಿ ಏನಿದೆ ನೋಡಿ. ನಂಬರಿನ ಬದಲು ಅಕ್ಷರದ ಹೆಸರು ಇದ್ದರೆ ಅದು ಒಂದೇ ದಿಕ್ಕಿನ ದಾರಿ. ಅಲ್ಲಿಂದ ಬರುತ್ತದೆ, ಅಲ್ಲಿಗೆ ಹೋಗಲ್ಲ. ಅಂಥದ್ದಕ್ಕೆ `STOP` ಕಳಿಸಲು ಹೋದರೆ ಫೋನು ಉತ್ತರದ ಪೆಟ್ಟಿಗೆಯನ್ನೇ ತೋರಿಸಲ್ಲ, ಇಲ್ಲವೇ ಕಳಿಸಲಾಗಲಿಲ್ಲ ಅಂತ ಹೇಳುತ್ತದೆ. ಮೆಸೇಜಿನ ಕೊನೆಯಲ್ಲಿ ಬೇರೆ ನಂಬರ್ ಅಥವಾ ಲಿಂಕ್ ಕೊಟ್ಟಿದ್ದಾರಾ ನೋಡಬೇಕು. ಮಾಮೂಲಿ ನಂಬರ್ ಅಥವಾ ಐದಾರು ಅಂಕಿಯ ಚಿಕ್ಕ ನಂಬರ್ ಇದ್ದರೆ ಉತ್ತರ ಹೋಗುವ ಸಾಧ್ಯತೆ ಇದೆ.

ಟೆಲಿಗ್ರಾಂನಲ್ಲಿ ಕೆಲಸ ಸುಲಭ. ಬಾಟ್ ಆಗಿದ್ದರೆ ಹೆಸರಿನ ಕೆಳಗೇ `bot` ಅಂತ ಬರೆದಿರುತ್ತದೆ. ಟೈಪ್ ಮಾಡುವ ಜಾಗದಲ್ಲಿ `/` ಒತ್ತಿದರೆ ಆ ಬಾಟ್‌ಗೆ ಗೊತ್ತಿರುವ ಕಮಾಂಡ್‌ಗಳ ಪಟ್ಟಿ ತೆರೆಯುತ್ತದೆ. ಪಟ್ಟಿಯನ್ನು ಬಾಟ್ ಮಾಡಿದವರು ಕೈಯಾರೆ ಸೇರಿಸಿರಬೇಕು, ಹಾಗಾಗಿ ಪಟ್ಟಿ ಬರಲಿಲ್ಲ ಅಂದ ಮಾತ್ರಕ್ಕೆ ಕಮಾಂಡೇ ಇಲ್ಲ ಅಂತಲ್ಲ. ಆದರೆ ಪಟ್ಟಿ ಬಂದು ಅದರಲ್ಲಿ ನಿಮ್ಮ ಪದ ಇಲ್ಲದಿದ್ದರೆ ಬಹುಪಾಲು ಅದು ಅಲ್ಲಿ ನಡೆಯಲ್ಲ.

ವಾಟ್ಸಾಪ್‌ನಲ್ಲಿ ಸ್ವಲ್ಪ ಊಹೆ ಮಾಡಬೇಕು. ಚಿಕ್ಕ ವ್ಯಾಪಾರದವರು ಬಳಸುವ ಬಿಸಿನೆಸ್ ಆ್ಯಪ್‌ನಲ್ಲಿ ಸ್ವಾಗತ ಮೆಸೇಜ್, ಈಗ ಅಂಗಡಿ ಮುಚ್ಚಿದೆ ಅನ್ನುವ ಮೆಸೇಜ್ ಇಂಥವು ತಾನಾಗಿ ಹೋಗುವಂತೆ ಇಡಬಹುದು. ನೀವು ಮೊದಲ ಸಲ ಬರೆದಾಗ, ಅಥವಾ 14 ದಿನ ಮಾತುಕತೆ ಇಲ್ಲದೆ ಮತ್ತೆ ಬರೆದಾಗ, ಆ ಸ್ವಾಗತ ಬರುತ್ತದೆ. ಅದನ್ನು ನೋಡಿ ಬಾಟ್ ಇದೆ ಅಂದುಕೊಳ್ಳೋದು ಸಹಜ. ಆದರೆ ಆ ಸ್ವಾಗತಕ್ಕೆ ನಿಮ್ಮ ಪದ ಯಾವುದು ಅಂತ ಗೊತ್ತೇ ಇರಲ್ಲ, ನೀವು `MENU` ಅಂದರೂ ಅದೇ, `ನಮಸ್ಕಾರ` ಅಂದರೂ ಅದೇ. ಅದರ ಹಿಂದೆ ಇರೋದು ಫೋನ್ ಹಿಡಿದ ಒಬ್ಬ ಮನುಷ್ಯ. ಅವರಿಗೆ ಬರೀ `STOP` ಅಂತ ಕಳಿಸಿದರೆ ಏನು ನಿಲ್ಲಿಸಬೇಕು ಅಂತ ಅವರಿಗೂ ಅರ್ಥ ಆಗಲ್ಲ. "ದಯವಿಟ್ಟು ಈ ನಂಬರಿಗೆ ಜಾಹೀರಾತು ಕಳಿಸಬೇಡಿ, ನನ್ನ ಆರ್ಡರ್ ಬಗ್ಗೆ ಮಾತ್ರ ತಿಳಿಸಿ" ಅಂತ ಒಂದು ಪೂರ್ತಿ ವಾಕ್ಯ ಬರೆಯಿರಿ, ಕೆಲಸ ಆಗುತ್ತದೆ.

ಬಟನ್ ಮತ್ತು ಪಟ್ಟಿ ಬಂದರೆ, ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದರೆ, ಅಲ್ಲಿ ಪ್ರೋಗ್ರಾಂ ಇದೆ. ಇಂಥ ಕಡೆ ಒಂದು ಸೂಕ್ಷ್ಮ ಇದೆ. ಪರದೆ ಮೇಲೆ ಬಟನ್ ಇದ್ದರೆ ಬಟನ್ನೇ ಒತ್ತಿ, ಅದರ ಮೇಲಿನ ಪದವನ್ನು ಟೈಪ್ ಮಾಡಬೇಡಿ. ನಿಮಗೆ ಎರಡೂ ಒಂದೇ ಥರ ಕಾಣುತ್ತದೆ. ಪ್ರೋಗ್ರಾಂಗೆ ಮಾತ್ರ ಬಟನ್ ಒತ್ತಿದ್ದು ಒಂದು ಗುರುತಿನ ಜೊತೆ ಬೇರೆ ಬಗೆಯ ಮೆಸೇಜಾಗಿ ಬರುತ್ತದೆ, ಟೈಪ್ ಮಾಡಿದ್ದು ಸಾದಾ ಬರಹವಾಗಿ ಬರುತ್ತದೆ. ಬರೀ ಗುರುತನ್ನೇ ನೋಡುವಂತೆ ಬರೆದ ಬಾಟ್‌ಗೆ ನೀವು ಟೈಪ್ ಮಾಡಿದ `Main menu` ಕಾಣೋದೇ ಇಲ್ಲ.

ಹೆಜ್ಜೆ 3: ಮೊದಲು ಅಪಾಯ ಇಲ್ಲದ ಪದ ಕಳಿಸಿ ನೋಡಿ

ಗೊತ್ತಿರುವ ಸಂಸ್ಥೆಯ ಚಾಟ್ ಆಗಿದ್ದು, ಅದು ಕಮಾಂಡ್ ಕೇಳುತ್ತಾ ಇಲ್ಲವಾ ಅಂತ ಅನುಮಾನ ಇದ್ದರೆ ನೇರವಾಗಿ `CANCEL` ಕಳಿಸಬೇಡಿ. `HELP` ಕಳಿಸಿ. ಟೆಲಿಗ್ರಾಂ ಆದರೆ `/help`. ಇದರಿಂದ ಏನೂ ರದ್ದಾಗಲ್ಲ, ಏನೂ ನಿಲ್ಲಲ್ಲ. ಉತ್ತರದಲ್ಲಿ ಯಾವ ಪದಗಳು ನಡೆಯುತ್ತವೆ ಅಂತ ಪಟ್ಟಿಯೇ ಬರಬಹುದು.

ಉತ್ತರವೇನೋ ಬಂತು, ಆದರೆ ಅದು ನಿಜವಾಗಿ `HELP`ಗೆ ಬಂದ ಉತ್ತರವಾ, ಅಥವಾ ಏನು ಬರೆದರೂ ಬರುವ ಉತ್ತರವಾ ಅಂತ ಅನುಮಾನ ಇದ್ದರೆ ಅರ್ಥವಿಲ್ಲದ ಒಂದು ಪದ ಕಳಿಸಿ, `abcd` ಅಂತಲೋ ಏನೋ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಚಾಟ್ ಪದಗಳನ್ನು ನೋಡುತ್ತಲೇ ಇಲ್ಲ. `abcd`ಗೆ "ಅರ್ಥವಾಗಲಿಲ್ಲ" ಅಂತ ಬಂದು `HELP`ಗೆ ಬೇರೆ ಬಂದರೆ ಅದು ಪದ ನೋಡುತ್ತಿದೆ, ಮುಂದಕ್ಕೆ ಹೋಗಬಹುದು. ಎರಡಕ್ಕೂ ಏನೂ ಬರದಿದ್ದರೆ ಒಂದೋ ಮನುಷ್ಯ ಓದಬೇಕಾದ ಚಾಟ್, ಇಲ್ಲವೇ ಯಾರೂ ಓದದ ಚಾಟ್.

ಪರೀಕ್ಷೆ ಮಾಡುವಾಗ ಬಾಟ್ ನಿಮಗೆ ಯಾವುದೋ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿರಬಾರದು. ಯಾಕೆ ಅಂತ ಮುಂದೆ ಬರುತ್ತದೆ.

ಹೆಜ್ಜೆ 4: ಪದ ಒಂದೇ ಇರಲಿ

`STOP` ಅನ್ನು ದೊಡ್ಡಕ್ಷರದಲ್ಲಿ ಬರೆಯಬೇಕಾ ಸಣ್ಣಕ್ಷರದಲ್ಲಾ ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಬಹುತೇಕ ಕಡೆ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರೋದು ಮೆಸೇಜಿನಲ್ಲಿ ಬೇರೆ ಏನಾದರೂ ಸೇರಿದೆಯಾ ಅನ್ನೋದು. ಎಸ್‌ಎಂಎಸ್ ಸಾಗಿಸುವ ಟ್ವಿಲಿಯೋ ಥರದ ಕಂಪನಿಗಳ ಮಾಮೂಲಿ ಏರ್ಪಾಡು ಇಡೀ ಮೆಸೇಜ್ ಒಂದೇ ಪದವಾಗಿದ್ದರೆ ಮಾತ್ರ ಹಿಡಿಯುತ್ತದೆ. ಮರ್ಯಾದೆಯಿಂದ `please stop` ಅಂತ ಬರೆದವರ ಮಾತು ಕೇಳಿಸಲ್ಲ, ಒರಟಾಗಿ `STOP` ಅಂದವರದ್ದು ಕೇಳಿಸುತ್ತದೆ!

ನಿಮಗೆ ಗೊತ್ತಿಲ್ಲದೆ ಸೇರಿಕೊಳ್ಳುವ ವಸ್ತುಗಳೂ ಇವೆ. ಕೀಬೋರ್ಡ್ ತಾನಾಗಿ ಹಾಕುವ ಪೂರ್ಣವಿರಾಮ, ಸಲಹೆಯಲ್ಲಿ ಬಂದು ಕೂತ ಎಮೋಜಿ, ಎಲ್ಲ ಎಸ್‌ಎಂಎಸ್‌ಗಳ ಕೊನೆಗೂ ನಿಮ್ಮ ಹೆಸರು ಅಂಟಿಸುವ ಸಹಿಯ ಸೆಟ್ಟಿಂಗ್. ಸಹಿ ಇದ್ದರೆ ನೀವು ಕಳಿಸಿದ್ದು ಒಂದು ಪದ ಅಂತ ನಿಮಗನಿಸುತ್ತದೆ, ಆ ಕಡೆ ಮಾತ್ರ ಮೂರು ಪದ ತಲುಪಿರುತ್ತದೆ. ಕಳಿಸಿದ ಮೆಸೇಜನ್ನು ಮತ್ತೆ ಒಮ್ಮೆ ಕಣ್ಣಾಡಿಸಿ ನೋಡಿ.

ಕನ್ನಡದಲ್ಲಿ `ನಿಲ್ಲಿಸಿ` ಅಂತ ಬರೆದರೆ? ಚಾಟ್ ನಡೆಸುವವರು ಆ ಪದವನ್ನೂ ಸೇರಿಸಿದ್ದರೆ ಮಾತ್ರ. ಮೆಸೇಜಿನಲ್ಲೇ "ನಿಲ್ಲಿಸಲು ಹೀಗೆ ಬರೆಯಿರಿ" ಅಂತ ಒಂದು ಪದ ಕೊಟ್ಟಿದ್ದರೆ ಅದನ್ನೇ ಅಕ್ಷರ ತಪ್ಪದೆ ಬರೆಯಿರಿ, ನಿಮ್ಮ ಸ್ವಂತ ಪದ ಬೇಡ.

ಇನ್ನು `/` ಚಿಹ್ನೆ. ಟೆಲಿಗ್ರಾಂ, ಸ್ಲ್ಯಾಕ್ ಇಂಥ ಕಡೆ ಕಮಾಂಡ್ ಶುರುವಾಗೋದೇ ಅದರಿಂದ. ಟೆಲಿಗ್ರಾಂನಲ್ಲಿ `cancel` ಬರೀ ಮಾತು, `/cancel` ಕಮಾಂಡ್. ಸ್ಲ್ಯಾಕ್ ಈ ವಿಷಯದಲ್ಲಿ ತುಂಬಾ ಸ್ಪಷ್ಟ: ಅದಕ್ಕೆ ಗೊತ್ತಿಲ್ಲದ ಕಮಾಂಡ್ ಬರೆದರೆ ಅದು ಸರಿಯಾದ ಕಮಾಂಡ್ ಅಲ್ಲ ಅಂತ ನಿಮಗೊಬ್ಬರಿಗೇ ಹೇಳುತ್ತದೆ, ಚಾನೆಲ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲ್ಲ. ಎಲ್ಲ ಚಾಟ್‌ಗಳೂ ಹೀಗೆ ಇದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಹೆಜ್ಜೆ 5: CANCEL ಕಳಿಸುವ ಮುನ್ನ ಒಂದು ನಿಮಿಷ

ಈಗ ಒಂದು ಪ್ರಕರಣವನ್ನು ಬಿಡಿಸಿ ನೋಡೋಣ. ನಾಳೆ ಬೆಳಿಗ್ಗೆ 10:30ಕ್ಕೆ ಹಲ್ಲಿನ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ಇದೆ ಅಂತಿಟ್ಟುಕೊಳ್ಳಿ. ಇವತ್ತು ಸಂಜೆ ಕ್ಲಿನಿಕ್‌ನಿಂದ ನೆನಪಿಸುವ ಎಸ್‌ಎಂಎಸ್ ಬರುತ್ತದೆ. ನಿಮಗೆ ಹೋಗಲು ಆಗಲ್ಲ. ಮೆಸೇಜ್ ಬಂದಿದ್ದೇ ಅಪಾಯಿಂಟ್‌ಮೆಂಟ್ ಬಗ್ಗೆ ಅಲ್ವಾ, ಅದಕ್ಕೇ `Cancel` ಅಂತ ಉತ್ತರ ಕೊಡುತ್ತೀರಿ. ಯಾರೇ ಆದರೂ ಹಾಗೇ ಮಾಡುತ್ತಾರೆ. ತಕ್ಷಣ ಒಂದು ಉತ್ತರ ಬರುತ್ತದೆ:

```
You have successfully been unsubscribed. You will not receive
any more messages from this number. Reply START to resubscribe.
```

ಅರ್ಧ ಓದಿ, `successfully` ಅನ್ನುವ ಪದ ನೋಡಿ, ರದ್ದಾಯಿತು ಅಂತ ಫೋನ್ ಪಕ್ಕಕ್ಕಿಡುತ್ತೀರಿ. ಆದರೆ ಈ ಉತ್ತರ ಬರೆದದ್ದು ಕ್ಲಿನಿಕ್ ಅಲ್ಲ. ಮಧ್ಯದಲ್ಲಿ ಎಸ್‌ಎಂಎಸ್ ಸಾಗಿಸುವ ಕಂಪನಿ. ಟ್ವಿಲಿಯೋದ ಮಾಮೂಲಿ ಉತ್ತರ ಇದೇ. ಅದರ ಪಟ್ಟಿಯಲ್ಲಿ `STOP`, `STOPALL`, `UNSUBSCRIBE`, `END`, `QUIT` ಇವುಗಳ ಜೊತೆಗೇ `CANCEL` ಕೂಡ ಇದೆ, ಎಲ್ಲದಕ್ಕೂ ಒಂದೇ ಅರ್ಥ: ಈ ನಂಬರಿಗೆ ಇನ್ನು ಮೆಸೇಜ್ ಬೇಡ. ಅಮೆರಿಕದಲ್ಲಂತೂ ಇದು ನಿಯಮಕ್ಕೇ ಬಂದಿದೆ. 2025ರ ಏಪ್ರಿಲ್ 11ರಿಂದ ಜಾರಿಯಾದ ಅಲ್ಲಿನ ನಿಯಮದ ಪ್ರಕಾರ stop, quit, end, revoke, opt out, cancel, unsubscribe ಇವುಗಳಲ್ಲಿ ಯಾವುದನ್ನು ಉತ್ತರವಾಗಿ ಕಳಿಸಿದರೂ ಒಪ್ಪಿಗೆ ವಾಪಸ್ ಪಡೆದಂತೆ, ಕಳಿಸುವವರು ಹೆಚ್ಚೆಂದರೆ 10 ಕೆಲಸದ ದಿನಗಳೊಳಗೆ ಅದನ್ನು ಪಾಲಿಸಬೇಕು.

ಹಾಗಾದರೆ ಅಪಾಯಿಂಟ್‌ಮೆಂಟ್ ಏನಾಯಿತು? ಅದು ನಿಮಗೆ ಗೊತ್ತಾಗುವ ದಾರಿಯೇ ಮುಚ್ಚಿಹೋಯಿತು. ನಿಮ್ಮ `Cancel` ಕ್ಲಿನಿಕ್‌ನ ಪ್ರೋಗ್ರಾಂಗೂ ತಲುಪಿರುತ್ತದೆ, ಅದು ಆ ಪದ ನೋಡಿ ನಿಜವಾಗಿಯೂ ರದ್ದು ಮಾಡಿರಬಹುದು. ಆದರೆ "ನಿಮ್ಮ ಸಮಯ ರದ್ದಾಗಿದೆ" ಅಂತ ಅದು ಕಳಿಸಲು ಹೊರಟರೆ ಮಧ್ಯದ ಕಂಪನಿ ತಡೆಯುತ್ತದೆ. ಟ್ವಿಲಿಯೋ ಬಳಸುವವರಿಗೆ ಆಗ ಕಾಣೋದು 21610 ಅನ್ನುವ ದೋಷದ ಸಂಖ್ಯೆ, ಅಂದರೆ ಮೆಸೇಜ್ ಬೇಡ ಅಂದವರಿಗೆ ಕಳಿಸಲು ನೋಡಿದಿರಿ ಅಂತ. ಪ್ರೋಗ್ರಾಂ ಆ ಪದವನ್ನು ನೋಡದೇ ಬಿಟ್ಟಿದ್ದರೆ ನಾಳೆ 10:30ಕ್ಕೆ ನಿಮ್ಮ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತದೆ. ಎರಡೂ ಸಂದರ್ಭದಲ್ಲಿ ನಿಮ್ಮ ಫೋನಿನಲ್ಲಿ ಕಾಣೋದು ಒಂದೇ: ಮೌನ. ಮುಂದಿನ ಸಲದ ನೆನಪೋಲೆಯೂ ಬರಲ್ಲ. ಅದೇ ನಂಬರಿನಿಂದ ಲಾಗಿನ್ ಕೋಡ್ ಕಳಿಸುವ ಸಂಸ್ಥೆಯಾಗಿದ್ದರೆ ಅದೂ ಬರಲ್ಲ.

ಸರಿಪಡಿಸೋದು ಹೀಗೆ. ಅದೇ ಚಾಟ್‌ಗೆ, ಅದೇ ಫೋನಿನಿಂದ `START` ಕಳಿಸಿ. ತಡೆ ತೆಗೆಯಿತು ಅಂತ ಉತ್ತರ ಬರಬೇಕು. ಕೆಲವು ಕಡೆ `UNSTOP` ಕೂಡ ನಡೆಯುತ್ತದೆ. ಆಮೇಲೆ ಅಪಾಯಿಂಟ್‌ಮೆಂಟ್ ವಿಷಯಕ್ಕೆ ಮತ್ತೆ ಚಾಟ್ ನಂಬಬೇಡಿ, ಕ್ಲಿನಿಕ್‌ಗೆ ಫೋನ್ ಮಾಡಿ ರದ್ದಾಗಿದೆಯಾ ಅಂತ ಕೇಳಿಬಿಡಿ. ಬರದಿದ್ದರೆ ಶುಲ್ಕ ಹಾಕುವ ಜಾಗವಾದರೆ ಈ ಒಂದು ಫೋನ್ ದುಡ್ಡು ಉಳಿಸುತ್ತದೆ.

ಮೊದಲೇ ತಪ್ಪಿಸಿಕೊಳ್ಳೋದು ಇನ್ನೂ ಸುಲಭ. ನೆನಪಿಸುವ ಮೆಸೇಜಿನಲ್ಲಿ ರದ್ದು ಮಾಡಲು ಒಂದು ಅಂಕಿ ಅಥವಾ ಅಕ್ಷರ ಕೊಟ್ಟಿದ್ದರೆ ಅದನ್ನೇ ಕಳಿಸಿ, `2` ಅಂತಲೋ `X` ಅಂತಲೋ. ಏನೂ ಕೊಟ್ಟಿರದಿದ್ದರೆ ಬರೀ `CANCEL` ಬೇಡ, "ನಾಳೆ 10:30ರ ಅಪಾಯಿಂಟ್‌ಮೆಂಟ್‌ಗೆ ಬರಲು ಆಗುತ್ತಿಲ್ಲ" ಅಂತ ವಾಕ್ಯ ಬರೆಯಿರಿ. ಒಂದಕ್ಕಿಂತ ಹೆಚ್ಚು ಪದ ಇರೋದರಿಂದ ಮಧ್ಯದ ಕಂಪನಿಯ ಮಾಮೂಲಿ ಏರ್ಪಾಡು ಅದನ್ನು ಹಿಡಿಯಲ್ಲ, ಅದು ಹಾಗೇ ಕ್ಲಿನಿಕ್‌ಗೆ ಹೋಗುತ್ತದೆ. ಅಲ್ಲಿ ಯಾರಾದರೂ ಓದುತ್ತಾರಾ ಅನ್ನೋದಕ್ಕೆ ಉತ್ತರ ಬರುವವರೆಗೂ ಕಾಯಬೇಕು.

ಉತ್ತರ ಓದುವಾಗ ಒಂದೇ ಒಂದು ವಿಷಯ ಹುಡುಕಿ: ಏನು ರದ್ದಾಯಿತು ಅಂತ ಅದು ಹೆಸರು ಹಿಡಿದು ಹೇಳಿದೆಯಾ? ದಿನಾಂಕ, ಸಮಯ, ಆರ್ಡರ್ ನಂಬರ್ ಏನಾದರೂ ಇದೆಯಾ? "ಯಶಸ್ವಿಯಾಗಿದೆ", "ನಿಮ್ಮ ಕೋರಿಕೆ ತಲುಪಿದೆ" ಇಂಥ ಬೋಳು ಮಾತುಗಳಿಂದ ಏನೂ ಖಚಿತ ಆಗಲ್ಲ.

ಹೆಜ್ಜೆ 6: ಬಾಟ್ ಪ್ರಶ್ನೆ ಕೇಳಿ ಕಾಯುತ್ತಿದ್ದರೆ

ಬಾಟ್‌ಗಳು ಹಂತ ಹಂತವಾಗಿ ಮಾಹಿತಿ ಕೇಳುತ್ತವೆ: ಹೆಸರು, ಊರು, ದಿನಾಂಕ. ಹೆಸರು ಕೇಳಿದ ಹೊತ್ತಿಗೆ ನೀವು ಏನೇ ಬರೆದರೂ ಅದು ಹೆಸರೇ. ನಿಮಗೆ ಸಾಕಾಗಿ `cancel` ಅಂತ ಬರೆದರೆ ನಿಮ್ಮ ಹೆಸರು cancel ಅಂತ ದಾಖಲಾಗಿ ಮುಂದಿನ ಪ್ರಶ್ನೆ ಬರುತ್ತದೆ.

ಇದನ್ನು ನೀವೇ ನೋಡಬೇಕು ಅಂದರೆ ಟೆಲಿಗ್ರಾಂನಲ್ಲಿ ಬಾಟ್‌ಗಳನ್ನು ಮಾಡಿಕೊಡುವ ಅಧಿಕೃತ ಬಾಟ್ ಇದೆ, `@BotFather`. ಅದಕ್ಕೆ `/newbot` ಕಳಿಸಿ. ಹೊಸ ಬಾಟ್‌ಗೆ ಏನು ಹೆಸರಿಡೋಣ ಅಂತ ಕೇಳುತ್ತದೆ. ಈಗ `/` ಇಲ್ಲದೆ `cancel` ಅಂತ ಬರೆದರೆ ಅದನ್ನೇ ಹೆಸರು ಅಂತ ತೆಗೆದುಕೊಂಡು, ಸರಿ, ಈಗ `bot` ಅಂತ ಕೊನೆಯಾಗುವ ಯೂಸರ್‌ನೇಮ್ ಕೊಡಿ ಅನ್ನುತ್ತದೆ. `/cancel` ಕಳಿಸಿ, ಆಗ ಬಿಡುತ್ತದೆ, ಯಾವ ಕಮಾಂಡ್ ರದ್ದಾಯಿತು ಅಂತಲೂ ಹೇಳುತ್ತದೆ. ಇನ್ನೊಮ್ಮೆ `/cancel` ಕಳಿಸಿದರೆ ರದ್ದು ಮಾಡಲು ಏನೂ ಇಲ್ಲ, ನಾನು ಸುಮ್ನೆ ಕೂತಿದ್ದೆ ಅಂತ ಗೊರಕೆ ಹೊಡೆಯುವ ಧಾಟಿಯಲ್ಲಿ ಉತ್ತರಿಸುತ್ತದೆ. ತಮಾಷೆ ಅನಿಸಿದರೂ ಕಮಾಂಡ್ ಕೇಳುವ ಚಾಟ್ ಹೀಗೇ ಇರಬೇಕು, ಮಾಡಲು ಕೆಲಸ ಇಲ್ಲದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು.

ಹೀಗೆ ಸಿಕ್ಕಿಹಾಕಿಕೊಂಡಾಗ ಹೊರಬರುವ ಕ್ರಮ: ಮೊದಲು ಬಟನ್ ಹುಡುಕಿ. ಇಲ್ಲದಿದ್ದರೆ `/cancel`. ಅದೂ ಆಗದಿದ್ದರೆ `/start`, ಬಹಳಷ್ಟು ಟೆಲಿಗ್ರಾಂ ಬಾಟ್‌ಗಳು ಇದಕ್ಕೆ ಮೊದಲಿನಿಂದ ಶುರು ಮಾಡುತ್ತವೆ. ಬೇರೆ ಚಾಟ್‌ಗಳಲ್ಲಿ ಮೇಲಕ್ಕೆ ಸ್ಕ್ರೋಲ್ ಮಾಡಿ ಬಾಟ್ ಕಳಿಸಿದ ಮೊದಲ ಮೆಸೇಜ್ ಓದಿ, ವಾಪಸ್ ಹೋಗಲು `0` ಒತ್ತಿ ಅಂತಲೋ `#` ಒತ್ತಿ ಅಂತಲೋ ಅಲ್ಲೇ ಬರೆದಿರುತ್ತಾರೆ. ಯಾವುದೂ ಆಗದಿದ್ದರೆ ಅರ್ಧಕ್ಕೇ ಬಿಟ್ಟುಬಿಡಿ. ಕೊನೆಯ "ಖಚಿತಪಡಿಸಿ" ಹಂತ ದಾಟದಿದ್ದರೆ ಸಾಮಾನ್ಯವಾಗಿ ಏನೂ ಸಲ್ಲಿಕೆಯಾಗಿರಲ್ಲ. ದುಡ್ಡು ಕಟ್ಟುವ ವಿಷಯವಾದರೆ ಮಾತ್ರ ಖಾತೆ ನೋಡಿ ಖಚಿತ ಮಾಡಿಕೊಳ್ಳಿ.

ಗ್ರೂಪ್‌ನಲ್ಲಿ ಇನ್ನೊಂದು ತೊಡಕು. ಟೆಲಿಗ್ರಾಂ ಗ್ರೂಪ್‌ಗೆ ಸೇರಿಸಿದ ಬಾಟ್‌ಗೆ ಮಾಮೂಲಿಯಾಗಿ ಎಲ್ಲ ಮಾತುಗಳೂ ಕೇಳಿಸಲ್ಲ, ಗೌಪ್ಯತೆಗಾಗಿ ಟೆಲಿಗ್ರಾಂ ಅದರ ಕಿವಿ ಮುಚ್ಚಿರುತ್ತದೆ. ಅದಕ್ಕೆಂದೇ ಕಳಿಸಿದ ಕಮಾಂಡ್ ಮತ್ತು ಅದರ ಮೆಸೇಜಿಗೇ ಕೊಟ್ಟ ರಿಪ್ಲೈ ಇಂಥವು ಮಾತ್ರ ತಲುಪುತ್ತವೆ. ನೀವು ಗ್ರೂಪ್‌ನಲ್ಲಿ `stop` ಅಂತ ಎಷ್ಟು ಸಲ ಬರೆದರೂ ಗ್ರೂಪಿನ ಜನಕ್ಕೆ ಕಿರಿಕಿರಿ ಆಗುತ್ತದೆ ಹೊರತು ಬಾಟ್‌ಗೆ ಸುದ್ದಿಯೇ ಹೋಗಿರಲ್ಲ. ಬಾಟ್ ಹೆಸರು ಸೇರಿಸಿ ಹೀಗೆ ಬರೆಯಿರಿ, `ಹೆಸರು` ಇರುವಲ್ಲಿ ಬಾಟ್‌ನ ಯೂಸರ್‌ನೇಮ್ ಹಾಕಿ:

```
/stop@ಹೆಸರು
```

ಆ ಬಾಟ್ ಗ್ರೂಪ್ ಅಡ್ಮಿನ್ ಆಗಿದ್ದರೆ ಈ ತಡೆ ಇಲ್ಲ, ಎಲ್ಲವೂ ಕೇಳಿಸುತ್ತದೆ.

ಹೆಜ್ಜೆ 7: ಯಾರೂ ಕೇಳಿಸಿಕೊಳ್ಳದಿದ್ದರೆ

ಪದ ಕಳಿಸಿದಿರಿ, ಶುದ್ಧವಾಗಿಯೇ ಕಳಿಸಿದಿರಿ, ಆದರೂ ಮೆಸೇಜ್ ಬರುತ್ತಲೇ ಇದೆ. ಮತ್ತೆ ಮತ್ತೆ `STOP STOP STOP` ಅಂತ ಕಳಿಸಿ ಪ್ರಯೋಜನ ಇಲ್ಲ, ಅದು ಒಂದೇ ಪದವೂ ಅಲ್ಲ. ಮೊದಲು ಹೊಸ ಮೆಸೇಜ್ ಅದೇ ನಂಬರಿನಿಂದ ಬಂದಿದೆಯಾ ನೋಡಿ. ಎಸ್‌ಎಂಎಸ್‌ನಲ್ಲಿ ತಡೆ ಬೀಳೋದು ಕಳಿಸುವ ನಂಬರ್ ಮತ್ತು ನಿಮ್ಮ ನಂಬರ್ ನಡುವೆ, ಅಥವಾ ಆ ಕಂಪನಿ ಒಟ್ಟು ಸೇರಿಸಿಟ್ಟ ನಂಬರುಗಳ ಗುಂಪು ಮತ್ತು ನಿಮ್ಮ ನಡುವೆ. ಅವರು ಗುಂಪಿನ ಹೊರಗಿನ ಇನ್ನೊಂದು ನಂಬರಿನಿಂದ ಕಳಿಸಿದರೆ ಅದಕ್ಕೆ ಮತ್ತೆ ಬೇರೆ `STOP` ಬೇಕು.

ಆಮೇಲೆ ಚಾಟ್ ಬಿಟ್ಟು ಆ್ಯಪ್ ಮಟ್ಟಕ್ಕೆ ಹೋಗಿ. ಇಲ್ಲಿ ಯಾರೂ ನಿಮ್ಮ ಮಾತು ಕೇಳಬೇಕಾಗಿಲ್ಲ. ಟೆಲಿಗ್ರಾಂನಲ್ಲಿ ಬಾಟ್ ಪ್ರೊಫೈಲ್ ತೆರೆದು ಬ್ಲಾಕ್ ಮಾಡಿ, ಆ್ಯಪ್‌ನ ಆವೃತ್ತಿ ಪ್ರಕಾರ ಅದು `Stop Bot` ಅಂತಲೋ `Block` ಅಂತಲೋ ಇರುತ್ತದೆ. ಅದಾದ ಮೇಲೆ ಬಾಟ್ ನಿಮಗೆ ಕಳಿಸಲು ಹೋದರೆ ಟೆಲಿಗ್ರಾಂ ಸರ್ವರೇ ತಡೆದು, ಈ ಬಳಕೆದಾರ ನಿನ್ನನ್ನು ಬ್ಲಾಕ್ ಮಾಡಿದ್ದಾರೆ ಅಂತ ಅದಕ್ಕೆ ಹೇಳಿ ಕಳಿಸುತ್ತದೆ. ಬಾಟ್ ಬರೆದವರು `/stop` ಸೇರಿಸಿದ್ದರೂ ಸರಿ, ಬಿಟ್ಟಿದ್ದರೂ ಸರಿ, ಬ್ಲಾಕ್ ನಡೆದೇ ನಡೆಯುತ್ತದೆ.

ವಾಟ್ಸಾಪ್‌ನಲ್ಲಿಯೂ ಅಷ್ಟೇ. `STOP` ಅನ್ನು ವಾಟ್ಸಾಪ್ ತಾನಾಗಿ ಹಿಡಿಯಲ್ಲ, ಅದು ಆ ಕಂಪನಿಯ ಪ್ರೋಗ್ರಾಂ ಮೇಲೆ ಬಿಟ್ಟಿದ್ದು. ಬ್ಲಾಕ್ ಮಾಡಿದರೆ ಮಾತ್ರ ವಾಟ್ಸಾಪೇ ತಡೆಯುತ್ತದೆ. ಆದರೆ ಬ್ಲಾಕ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗಲ್ಲ. ಅದೇ ನಂಬರಿನಿಂದ ಟಿಕೆಟ್ಟು, ಬಿಲ್ಲು ಬರುತ್ತಿದ್ದರೆ ಅವೂ ನಿಲ್ಲುತ್ತವೆ. ಜಾಹೀರಾತು ಮಾತ್ರ ಬೇಡ ಅನ್ನೋದಾದರೆ ಮೆಸೇಜಿನ ಕೆಳಗೆ `Stop promotions` ಥರದ ಬಟನ್ ಇದೆಯಾ ಮೊದಲು ನೋಡಿ.

ಕಳಿಸಿದವರು ಯಾರು ಅಂತಲೇ ಗೊತ್ತಿಲ್ಲದಿದ್ದರೆ, ಬಹುಮಾನ ಬಂದಿದೆ, ಪಾರ್ಸೆಲ್ ಸಿಕ್ಕಿಕೊಂಡಿದೆ ಅನ್ನುವ ಥರದ್ದಾದರೆ, `STOP` ಕೂಡ ಕಳಿಸಬೇಡಿ. ಈ ನಂಬರಿನಲ್ಲಿ ಒಬ್ಬರು ಮೆಸೇಜ್ ಓದುತ್ತಿದ್ದಾರೆ ಅಂತ ನೀವೇ ಅವರಿಗೆ ತಿಳಿಸಿದಂತೆ. ಉತ್ತರ ಕೊಡದೆ ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ.

ಚಾಟ್ ನಿಮ್ಮದೇ ಆಗಿದ್ದರೆ

ಬಾಟ್ ನಡೆಸುವವರಿಗೆ ಎರಡು ಮಾತು. ಮೊದಲನೆಯದು ಕ್ರಮ. ಬಂದ ಮೆಸೇಜ್ ಯಾವ ಪ್ರಶ್ನೆಗೆ ಉತ್ತರ ಅಂತ ನೋಡುವ ಮೊದಲು, ಅದು ಕಮಾಂಡಾ ಅಂತ ನೋಡಿ. ಈ ಕ್ರಮ ತಿರುಗುಮುರುಗಾದಾಗಲೇ ಜನರ ಹೆಸರು cancel ಆಗೋದು. ಪೂರ್ಣವಿರಾಮ, ಖಾಲಿ ಜಾಗ, ದೊಡ್ಡಕ್ಷರ ಇವನ್ನು ತೆಗೆದು ಹೋಲಿಸಿ:

```python
WORDS = {"stop", "cancel", "menu", "help", "ನಿಲ್ಲಿಸಿ"}

def command(text):
    word = text.strip().strip("./!? ").casefold()
    return word if word in WORDS else None
```

ವಾಕ್ಯದ ಮಧ್ಯೆ ಎಲ್ಲೋ stop ಇದೆ ಅಂತ ಹಿಡಿಯಬೇಡಿ, "ಬಸ್ ಸ್ಟಾಪ್ ಎಲ್ಲಿ" ಅಂತ ಇಂಗ್ಲಿಷಿನಲ್ಲಿ ಕೇಳಿದವರೂ ಪಟ್ಟಿಯಿಂದ ಹೊರಬೀಳುತ್ತಾರೆ. ವಾಕ್ಯದಲ್ಲಿ ಬಂದದ್ದನ್ನು ಹಾಗೇ ಬಿಡೋದೂ ಸರಿಯಲ್ಲ, ಮನುಷ್ಯರ ಕೈಗೆ ಕೊಡಿ, ಇಲ್ಲವೇ "ಮೆಸೇಜ್ ನಿಲ್ಲಿಸಬೇಕಾ?" ಅಂತ ಬಟನ್ ಇಟ್ಟು ಕೇಳಿ.

ಎರಡನೆಯದು, ನಿಮಗೆ ಮೆಸೇಜ್ ಸಾಗಿಸುವ ಕಂಪನಿಯ ಪಟ್ಟಿಯಲ್ಲಿರುವ ಪದವನ್ನು ಬೇರೆ ಕೆಲಸಕ್ಕೆ ಇಡಬೇಡಿ. ಎಸ್‌ಎಂಎಸ್‌ನಲ್ಲಿ ಅಪಾಯಿಂಟ್‌ಮೆಂಟ್ ರದ್ದು ಮಾಡಲು `CANCEL` ಕೇಳಬೇಡಿ, `2` ಕೇಳಿ. ಆದರೂ ಜನ `CANCEL` ಕಳಿಸಿಯೇ ಕಳಿಸುತ್ತಾರೆ. ಅದಕ್ಕೇ 21610 ಬಂದ ನಂಬರುಗಳನ್ನು ದಿನಕ್ಕೊಮ್ಮೆ ಪಟ್ಟಿ ಮಾಡಿ, ಅದರಲ್ಲಿ ಮುಂದಿನ ದಿನಗಳಿಗೆ ಸಮಯ ತೆಗೆದುಕೊಂಡವರಿದ್ದರೆ ಅವರಿಗೆ ಫೋನ್ ಮಾಡಿ ಕೇಳಿ.